ಪವಿತ್ರಾ ಮಿಸ್ ಹೊಡೆದುಹಾಕಿದ ಸಾಲು

ಅಂತರಸಂತೆಯಿಂದ ಕಾಡಿನ ಕಡೆಗೆ ನಾಲ್ಕು ಮೈಲಿ ಹೋದರೆ ಸಿಗುವ ಗಿರಿಜನರ ಹಾಡಿಯ ಶಾಲೆಯಲ್ಲಿ ಪವಿತ್ರಾ ಮಿಸ್ ಹನ್ನೊಂದು ವರ್ಷದಿಂದ ಇದ್ದಾರೆ. ಬೇರೆ ಯಾರಾದರೂ ಆಗಿದ್ದರೆ ಎರಡನೇ ವರ್ಷಕ್ಕೇ ವರ್ಗ ಮಾಡಿಸಿಕೊಂಡು ಗಂಟುಮೂಟೆ ಕಟ್ಟುತ್ತಿದ್ದರು. ಹೊಸ ಅಗ್ರಹಾರ ಎಂಬ ಊರಿಂದ ಬಂದ ಈ ಹೆಂಗಸು ಕಟ್ಟಲಿಲ್ಲ. ಒಂದರಿಂದ ಐದರವರೆಗೆ ಇಪ್ಪತ್ತಮೂರು ಮಕ್ಕಳು. ಪಾಠಕ್ಕೆ ಇವರು ಮತ್ತು ಹೆಡ್‌ಮಾಸ್ಟರ್ ನಾಗರಾಜು, ಇಬ್ಬರೇ. ಮಕ್ಕಳ ಬಾಯಲ್ಲಿ ‘ಹ’ ಹೊರಡಿಸುವುದೊಂದು ಇವರ ಹಟ. ‘ಅಳ್ಳಿ ಅಲ್ಲ, ಹಳ್ಳಿ ಅನ್ರೋ’ ಎಂದು ದಿನಕ್ಕೆ ಇಪ್ಪತ್ತು ಸಲ ಹೇಳುತ್ತಾರೆ. ಸಿಟ್ಟು ಬಂದಾಗ ಅವರ ಬಾಯಿಂದಲೂ ‘ಅಳ್ಳಿ’ ಅಂತಲೇ ಬರುತ್ತದೆ, ಆ ಮಾತು ಬೇರೆ.

ಜನವರಿಯಲ್ಲಿ ಒಂದು ಒಳ್ಳೆಯ ಸುದ್ದಿ ಬಂತು. ಟೀಚರ್ ಟ್ರೈನಿಂಗಿನಲ್ಲಿ ಒಂದೇ ರೂಮಿನಲ್ಲಿದ್ದ ಗೆಳತಿ ರೇಣುಕಾ ಈಗ ಮೈಸೂರಿನ ಕಾಲೇಜೊಂದರಲ್ಲಿ ಲೈಬ್ರೇರಿಯನ್. ಅಲ್ಲಿಯ ವಿದ್ಯಾರ್ಥಿಗಳು ಒಂದು ಶಾಲೆಗೆ ಪುಸ್ತಕ ಕೊಡಿಸುತ್ತಾರಂತೆ. ರೇಣುಕಾ ಫೋನ್ ಮಾಡಿದಳು: “ನಿನ್ನ ಕ್ಲಾಸಿಗೇ ಒಂದು ಲೈಬ್ರರಿ ಮಾಡೋಣ ಕಣೇ. ಆದ್ರೆ ಮೆಸೇಜಲ್ಲಿ ಎರಡು ಗೆರೆ ಗೀಚಿ ಕಳಿಸ್ಬೇಡ. ನಿನ್ನ ಮಕ್ಕಳು ಯಾರು, ಏನು ಓದ್ತಾರೆ, ಏನು ಬೇಕು, ಕೂತು ಒಂದು ಕಾಗದ ಬರಿ. ಹುಡುಗರಿಗೆ ಓದಿ ಹೇಳ್ತೀನಿ.” ಮಾದರಿಗೆಂದು ಒಂದು ತೆಳ್ಳನೆಯ ಚಿತ್ರದ ಪುಸ್ತಕವನ್ನೂ ಬಸ್ಸಿನಲ್ಲಿ ಕಳಿಸಿದಳು.

ಪವಿತ್ರಾ ಮಿಸ್ ಶನಿವಾರ ಶಾಲೆ ಬಿಟ್ಟ ಮೇಲೆ ಕೂತು ಬರೆದರು. ಅಯ್ಯೋ, ಏನು ಬರೆದರು ಅಂತೀರಿ! ಮಹಾಪುರುಷರ ಜೀವನಚರಿತ್ರೆ ಹತ್ತು, ಸಾಮಾನ್ಯ ಜ್ಞಾನ ಐದು, ದೊಡ್ಡ ನಿಘಂಟು ಎರಡು. ಕೊನೆಯಲ್ಲಿ ಹೆಮ್ಮೆಯಿಂದ ಒಂದು ಸಾಲು: ‘ನಮ್ಮ ಐದನೇ ತರಗತಿಯಲ್ಲಿ ಕುಳ್ಳಿ ಎಂಬ ಹುಡುಗಿ ಯಾವ ಪುಸ್ತಕ ಕೊಟ್ಟರೂ ಪಟಪಟ ಓದುತ್ತಾಳೆ, ಅವಳಿಗಾಗಿ ದಪ್ಪ ಪುಸ್ತಕ ಕಳಿಸು.’

ಕುಳ್ಳಿ ಶಾಲೆಯ ಹೆಮ್ಮೆ. ಸಾಹೇಬರು ಬಂದಾಗಲೆಲ್ಲ ಎದ್ದು ನಿಂತು ಪಾಠ ಓದುವವಳು ಅವಳೇ. ಅಪ್ಪ ಮಲ್ಲ ಪ್ರತಿ ವರ್ಷ ಕೊಡಗಿಗೆ ಮೆಣಸು ಕುಯ್ಯಲು ಹೋಗುತ್ತಾನೆ. ಮಗಳನ್ನೂ ಕರೆದುಕೊಂಡು ಹೋಗದೆ ಬಿಟ್ಟಿರುವುದಕ್ಕೆ ಅವನಿಗಿದ್ದ ಕಾರಣ ಒಂದೇ. “ಸೆಂದಾಗಿ ಓದ್ತಾಳೆ ಅಂತ ನೀವೇಳಿದ್ರಿ, ಅದ್ಕೆ ಬುಟ್ಟಿವ್ನಿ ಮಿಸ್. ಜೂನಿಗೆ ಅಂತರಸಂತೆ ಇಸ್ಕೂಲ್ಗೆ ಆಕ್ತೀನಿ. ಅಲ್ಲಿ ಓದಕ್ ಬರಾಕಿಲ್ಲ ಅಂತ ನಗಾಡುದ್ರೆ, ಅವತ್ತೇ ತೋಟಕ್ಕೆ ಕರ್ಕೊಂಡೋಯ್ತೀನಿ” ಎಂದು ಈ ಸಲ ಹೊರಡುವಾಗ ಹೇಳಿದ್ದ.

ಸೋಮವಾರ ಕಾಗದವನ್ನು ಅಂಚೆಗೆ ಹಾಕುವ ಮೊದಲು, ಮಾದರಿ ಪುಸ್ತಕ ಹೇಗಿದೆ ಎಂದೂ ಎರಡು ಮಾತು ಬರೆಯೋಣ ಅನ್ನಿಸಿತು. ಕುಳ್ಳಿಯನ್ನು ಕರೆದು ಕೈಗೆ ಕೊಟ್ಟರು. ಹುಡುಗಿ ಠೀವಿಯಿಂದ ಪುಟ ತೆರೆದಳು. ಚಿತ್ರದಲ್ಲಿ, ಗುಡಿಸಿಲ ಮೂಲೆಯಲ್ಲಿ ಕಪ್ಪಗೆ ಸುರುಳಿ ಸುತ್ತಿಕೊಂಡ ಏನೋ ಒಂದು. ಕೆಳಗೆ ಒಂದೇ ಸಾಲು.

“ಮನೆಗೆ ಆವು ಬಂತು” ಎಂದಳು.

“ಆವು ಅಲ್ಲ ಕಣಮ್ಮ, ಹಾವು.”

“ಹಾವು” ಎಂದಳು ಕುಳ್ಳಿ, ಸ್ಪಷ್ಟವಾಗಿ.

ಮಿಸ್‌ಗೆ ಖುಷಿಯಾಯಿತು. ಖುಷಿಯಲ್ಲೇ ಬಗ್ಗಿ ಪುಟ ನೋಡಿದರು. ಅಲ್ಲಿ ಹಾವೇ ಇರಲಿಲ್ಲ. ‘ಮೂಲೆಯಲ್ಲಿ ಒಂದು ಹಗ್ಗ ಇತ್ತು’ ಎಂದಿತ್ತು.

ಕುಳ್ಳಿ ಅಕ್ಷರ ಓದಿರಲಿಲ್ಲ, ಚಿತ್ರ ಓದಿದ್ದಳು. ಮಿಸ್ ಪಠ್ಯಪುಸ್ತಕ ತಂದು ಬೇಕೆಂದೇ ಬೇರೆ ಪುಟ ತೆರೆದು, ಮೇಲೆ ಕೈ ಅಡ್ಡ ಇಟ್ಟು, “ಮೂರನೇ ಪಾಠ ಓದು” ಎಂದರು. ಮುಚ್ಚಿದ ಪುಟದ ಮೇಲೇ ಕಣ್ಣಿಟ್ಟು ಹುಡುಗಿ ಮೂರನೇ ಪಾಠವನ್ನು ಒಂದಕ್ಷರ ತಪ್ಪದೆ ಒಪ್ಪಿಸಿದಳು. ಇಡೀ ಪುಸ್ತಕ ಕಿವಿಯಲ್ಲಿ ಕೇಳಿಯೇ ಬಾಯಿಪಾಠ! ಎಂಥ ತಲೆ ಅದು, ಹೇಳಿ! ಆದರೆ ಓದು? ಓದು ಇಲ್ಲ.

“ಬಯ್ಬ್ಯಾಡಿ ಮಿಸ್,” ಕುಳ್ಳಿ ತಲೆ ತಗ್ಗಿಸಿದಳು. “ನಂಗೆ ಅಕ್ಸರ ಗೊತ್ತು. ಒಂದೊಂದೇ ಬಂದ್ರೆ ಗೊತ್ತು. ಎಲ್ಲಾ ಒಟ್ಗೆ ಬಂದ್ರೆ ಗೊತ್ತಾಗಕಿಲ್ಲ. ಅಪ್ಪಂಗೆ ಏಳ್ಬ್ಯಾಡಿ.”

“ಬಯ್ಯಲ್ಲ. ತಪ್ಪು ನಂದು” ಎಂದರು ಮಿಸ್. ಹನ್ನೊಂದು ವರ್ಷ ಪಾಠ ಮಾಡಿದವರಿಗೆ ಈ ಮಾತು ಹೇಳುವುದು ಸುಲಭವಲ್ಲ. ಹೇಳಿದ ಮೇಲೆ ಅವರಿಗೆ ಅಳು ಬಂತು, ಸೆರಗಿನಲ್ಲಿ ಒರೆಸಿಕೊಂಡರು.

ಬರೆದಿದ್ದ ಕಾಗದ ಬ್ಯಾಗಿನಲ್ಲೇ ಇತ್ತು. ಹರಿದು ಹೊಸದೊಂದು ಬರೆದಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಮಾನ ಉಳಿಯುತ್ತಿತ್ತು. ನಾನಾಗಿದ್ದರೆ ಖಂಡಿತ ಹರಿದುಹಾಕುತ್ತಿದ್ದೆ. ಪವಿತ್ರಾ ಮಿಸ್ ಮಾತ್ರ ಕುಳ್ಳಿಯ ಸಾಲಿನ ಮೇಲೆ ಒಂದು ಗೆರೆ ಎಳೆದು, ಅದು ಓದಲು ಬರುವ ಹಾಗೇ ಬಿಟ್ಟು, ಕೆಳಗೆ ಬರೆದರು:

‘ರೇಣು, ಮೇಲಿನ ಸಾಲು ಸುಳ್ಳು. ಗೊತ್ತಿದ್ದು ಬರೆದದ್ದಲ್ಲ. ಎರಡು ವರ್ಷ ಇವಳ ಬಾಯಿಪಾಠ ಕೇಳಿ ಓದು ಅಂದುಕೊಂಡೆ. ಇವತ್ತು ಎಲ್ಲರನ್ನೂ ಕೂರಿಸಿ ಓದಿಸಿದೆ. ಹೊಸ ಪುಸ್ತಕ ಓದಬಲ್ಲವರು ನಾಲ್ಕೇ ಜನ. ನಿಘಂಟು ಬೇಡ, ಮಹಾಪುರುಷರೂ ಸದ್ಯಕ್ಕೆ ಬೇಡ. ಐದನೇ ಕ್ಲಾಸಿನವಳಿಗೆ ನಾಚಿಕೆಯಾಗದ ಹಾಗೆ, ಒಂದನೇ ಕ್ಲಾಸಿನಷ್ಟು ಸುಲಭವಾದದ್ದು ಏನಿದೆ? ಏನು ಇಡಲಿ? ನನಗೆ ಗೊತ್ತಿಲ್ಲ, ನೀನು ಹೇಳು. ಜೂನ್‌ಗೆ ಐದೇ ತಿಂಗಳಿದೆ.’

ವಾರ ಕಳೆದು ಉತ್ತರದ ಜೊತೆಗೇ ಎರಡು ಪೆಟ್ಟಿಗೆ ಬಂದವು. ಪುಟಕ್ಕೊಂದು ಸಾಲಿನವು, ಒಂದೇ ಮಾತು ಮತ್ತೆ ಮತ್ತೆ ಬರುವಂಥವು, ಅಕ್ಷರವೇ ಇಲ್ಲದ ಬರೀ ಚಿತ್ರದವು. ಜೋಡಿಯಾಗಿ ಓದಲೆಂದು ಕೆಲವು ಎರಡೆರಡು ಪ್ರತಿ. ಓದಬಲ್ಲ ಆ ನಾಲ್ಕು ಜನಕ್ಕೆ ಸ್ವಲ್ಪ ಉದ್ದನೆಯ ಕತೆಗಳು. ಜೊತೆಗೆ ರೇಣುಕಾಳ ಚೀಟಿ: ‘ದೊಡ್ಡವರನ್ನು ಚಿಕ್ಕವರಿಗೆ ಓದಿ ಹೇಳುವ ಕೆಲಸಕ್ಕೆ ಹಚ್ಚು, ಆಗ ಸುಲಭದ್ದು ಓದಲು ನಾಚಿಕೆಯಿರಲ್ಲ. ಓದಿದ ಮೇಲೆ ಪ್ರಶ್ನೆ ಕೇಳಿ ಪೀಡಿಸಬೇಡ. ಮಕ್ಕಳು ಹೇಳಿದ ಕತೆ ಬರೆದು ಹೊಲಿದು ಅದನ್ನೂ ಪುಸ್ತಕದ ಜೊತೆ ಇಡು. ಬೀರುವಿಗೆ ಬೀಗ ಮಾತ್ರ ಹಾಕಬೇಡ.’

ಬೀಗ ಎಂದ ಕೂಡಲೇ ನಾಗರಾಜು ಮೇಷ್ಟರಿಗೆ ಜ್ವರ ಬಂದಂತಾಯಿತು. “ಹರಿದೋದ್ರೆ? ಕಳ್ದೋದ್ರೆ? ಸ್ಟಾಕ್ ಬುಕ್ಕಲ್ಲಿ ಉತ್ತರ ಕೊಡೋನು ನಾನು ಕಣಮ್ಮ.”

“ಹರಿದೋದ್ರೆ ಓದವ್ರೆ ಅಂತ ಬರೀರಿ ಸಾರ್, ನಾನು ಸೈನ್ ಆಕ್ತೀನಿ” ಎಂದರು ಮಿಸ್. ಸಿಟ್ಟಿನಲ್ಲಿ ‘ಹ’ ಹಾರಿಹೋಗಿತ್ತು. ಗೋಡೆಗೆ ದಾರ ಕಟ್ಟಿ, ಮಕ್ಕಳ ಕೈಗೆಟುಕುವ ಎತ್ತರಕ್ಕೆ, ಬಟ್ಟೆ ಕ್ಲಿಪ್ಪು ಹಾಕಿ ಪುಸ್ತಕ ನೇತುಹಾಕಿದರು. ಎರಡು ಹರಿದವು. ಒಂದೂ ಕಳೆಯಲಿಲ್ಲ.

ಕುಳ್ಳಿಗೆ ಒಂದನೇ ಕ್ಲಾಸಿನ ಮೂವರನ್ನು ಒಪ್ಪಿಸಿದರು. ಅವರಿಗೆ ಓದಿ ಹೇಳಬೇಕಲ್ಲ, ಅದಕ್ಕೆ ಮುಂಚಿನ ದಿನವೇ ಮಿಸ್ ಪಕ್ಕ ಕೂತು ಬೆರಳಿಟ್ಟು ಓದಿಕೊಳ್ಳುತ್ತಿದ್ದಳು. ಅಪ್ಪ ಜೇನು ಕಿತ್ತ ಕತೆಯನ್ನು ಹೇಳಿದಳು. ಮಿಸ್ ಅವಳು ಹೇಳಿದ ಹಾಗೇ ಪುಟಕ್ಕೊಂದು ಸಾಲು ಬರೆದುಕೊಟ್ಟರು. ಅದನ್ನೂ ದಾರಕ್ಕೆ ಹಾಕಿದರು. ಆದರೆ ಮೊದಲಿನ ಆ ಮಾದರಿ ಪುಸ್ತಕವನ್ನು ಮಾತ್ರ ಕುಳ್ಳಿ ಮುಟ್ಟಲಿಲ್ಲ. ಮಿಸ್ ಕೂಡ ಮುಟ್ಟು ಎನ್ನಲಿಲ್ಲ.

ಮಾರ್ಚ್ ಕೊನೆಗೆ ಕೊಡಗಿನಿಂದ ಬಂದ ಮಲ್ಲ ಶಾಲೆಯ ಬಾಗಿಲಲ್ಲಿ ನಿಂತ. ಮಿಸ್ ಅವನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟರು. “ನಾನು ನಿಂಗೆ ಹೇಳಿದ್ದು ತಪ್ಪು ಮಲ್ಲ. ಆಗ ಅವಳಿಗೆ ಓದು ಬರ್ತಿರಲಿಲ್ಲ. ಈಗ ಕೇಳು.” ಮಲ್ಲನ ಮುಖ ಗಂಟಾಯಿತು.

ಕುಳ್ಳಿ ಅಪ್ಪನನ್ನು ನೋಡಿದಳು, ಮಿಸ್ಸನ್ನು ನೋಡಿದಳು. ಸೀದಾ ಹೋಗಿ ಆ ಮಾದರಿ ಪುಸ್ತಕವನ್ನೇ ಕಿತ್ತು ತಂದಳು. ಹುಡುಗಿ ಕಪ್ಪು ಸುರುಳಿಯ ಪುಟ ತೆರೆದು, ಚಿತ್ರವನ್ನು ಅಂಗೈಯಲ್ಲಿ ಮುಚ್ಚಿದಳು. ಬೆರಳು ಒಂದೊಂದೇ ಅಕ್ಷರದ ಮೇಲೆ ಸರಿಯಿತು. “ಮೂ-ಲೆ-ಯಲ್ಲಿ... ಒಂದು...” ಎಂದು ನಿಂತಳು. ಒತ್ತಕ್ಷರದ ಹತ್ತಿರ ಬೆರಳು ಬಹಳ ಹೊತ್ತು ನಿಂತಿತು.

“ಅ... ಗ್ಗ. ಅಗ್ಗ ಇತ್ತು.” ತಲೆಯೆತ್ತಿ ನಕ್ಕಳು. “ಆವಲ್ಲ ಅಪ್ಪ, ಅಗ್ಗ!”

“ಅಂತರಸಂತೆಲಿ ಯಾವಾಗ ಸೇರಿಸ್ಕೋತಾರೆ ಮಿಸ್?” ಎಂದು ಕೇಳಿದ ಮಲ್ಲ.

“ಜೂನ್ ಮೊದಲನೇ ವಾರವೇ” ಎಂದರು ಪವಿತ್ರಾ ಮಿಸ್. ಹನ್ನೊಂದು ವರ್ಷದಲ್ಲಿ ಮೊದಲ ಸಲ, ಮಗು ಓದುವಾಗ ಅವರು ‘ಹ’ ತಿದ್ದಲಿಲ್ಲ.