ಕಿಟಕಿ ಮುಚ್ಚಿದ ಗಿರಣಿ

ಎಪ್ಪತ್ತರ ದಶಕದ ನಡುವಿನ ಮಾತು. ಮುಂಬಯಿಯ ಒಂದು ಸಂಶೋಧನಾ ಸಂಸ್ಥೆಯಲ್ಲಿ ನಾನು ಸಹಾಯಕಿ. ಮೈಸೂರಿನಿಂದ ಬಂದು ಅಂಧೇರಿಯಲ್ಲಿ ಅಕ್ಕನ ಮನೆಯಲ್ಲಿದ್ದೆ. ನನ್ನ ಮೇಲಿನ ವಿಜ್ಞಾನಿ ಧಾರವಾಡದವರು, ಬೊರಿವಲಿಯಿಂದ ಬರುತ್ತಿದ್ದರು. ಬಟ್ಟೆ ಗಿರಣಿಯ ಕಾರ್ಡಿಂಗ್ ಖಾತೆಯಲ್ಲಿ, ಎಂದರೆ ಹತ್ತಿಯನ್ನು ಬಾಚಿ ಎಳೆ ಮಾಡುವಲ್ಲಿ, ದುಡಿಯುವವರ ಶ್ವಾಸಕೋಶಕ್ಕೆ ಧೂಳು ಏನು ಮಾಡುತ್ತದೆ ಎಂಬುದು ನಮ್ಮ ಕೆಲಸ. ಪಾಳಿ ಮುಗಿಸಿ ಬಂದವರು ನಮ್ಮ ಯಂತ್ರದ ಕೊಳವೆಗೆ ಊದುವಾಗ ಅರ್ಧದಲ್ಲೇ ಕೆಮ್ಮಿ ಕೂರುತ್ತಿದ್ದರು. ಅವರ ಉಸಿರನ್ನು ಅಳೆದು ಬರೆದುಕೊಂಡವಳು ನಾನೇ.

ಆ ವರ್ಷ ನಮ್ಮ ಸಭಾಂಗಣದಲ್ಲಿ ಒಂದು ಸಮ್ಮೇಳನವಾಯಿತು. ನನ್ನ ಮೇಲಿನ ವಿಜ್ಞಾನಿಯದು ಭಾಷಣ, ನನ್ನದು ಹೊರಗಿನ ಹಜಾರದಲ್ಲಿ ಪೋಸ್ಟರ್. ಆಗ ಸ್ಲೈಡ್ ಎಂದರೆ ಮಾತನ್ನು ಕಾರ್ಡಿನ ಮೇಲೆ ಟೈಪ್ ಮಾಡಿಸಿ, ಫೋಟೊ ವಿಭಾಗಕ್ಕೆ ಕೊಟ್ಟು, ಫಿಲ್ಮ್ ಬರುವವರೆಗೆ ಕಾಯಬೇಕಿತ್ತು. ಅವರ ಕಾರ್ಡುಗಳನ್ನು ಜೋಡಿಸುತ್ತಿದ್ದಾಗ ಎರಡನ್ನು ನಾನು ಗುರುತಿಸಿದೆ. ಒಂದರಲ್ಲಿದ್ದ ವಾಕ್ಯಗಳು ವಿದೇಶದ ಒಂದು ಲೇಖನದಿಂದ ಅಕ್ಷರಶಃ ಇಳಿಸಿದವು. ಇನ್ನೊಂದು ಅದೇ ಲೇಖನದ, ಧೂಳಿನ ತಿಂಗಳವಾರು ಏರಿಳಿತದ ನಕ್ಷೆ, ಗೆರೆಗಳನ್ನಷ್ಟೇ ಹೊಸದಾಗಿ ಎಳೆದದ್ದು. ಎರಡರಲ್ಲೂ ಮೂಲದ ಸುಳಿವಿರಲಿಲ್ಲ.

ನನ್ನ ಪೋಸ್ಟರಿನಲ್ಲಿ ಎರವಲು ತಂದ ಪ್ರತಿ ಚಿತ್ರದ ಕೆಳಗೂ ಲೇಖಕರ ಹೆಸರು, ಪತ್ರಿಕೆ, ವರ್ಷ ಬರೆದಿದ್ದೆ. ಮಾತನ್ನು ಹಾಗೇ ತೆಗೆದುಕೊಂಡ ಕಡೆ ಉದ್ಧರಣ ಚಿಹ್ನೆ ಹಾಕಿದ್ದೆ. ಸ್ಲೈಡಿಗೂ ಅದೇ ನಿಯಮ, ನಕ್ಷೆಯನ್ನು ಮತ್ತೆ ಬರೆದರೂ ‘ಇವರದನ್ನು ಆಧರಿಸಿ’ ಎಂದು ಅಡಿಯಲ್ಲಿ ಇರಬೇಕು ಎಂದು ಅವರಿಗೆ ಹೇಳಿದೆ.

ಅವರು ಸಿಟ್ಟಾಗಲಿಲ್ಲ. “ಇದು ಪೇಪರ್ ಅಲ್ಲ ತಂಗಿ, ಸ್ಲೈಡ್ ಅದ. ಅರ್ಧ ನಿಮಿಷ ಪರದೆ ಮ್ಯಾಲೆ ಇದ್ದು ಹೋಗ್ತದ. ಆ ಸಣ್ಣ ಅಕ್ಷರ ಯಾರು ಓದ್ತಾರ? ನಾನು ಬಾಯಿಲೇ ಹೇಳ್ತೀನಿ ಬಿಡು.”

ಬಾಯಲ್ಲಿ ಹೇಳುವುದೂ ಸರಿಯೇ, ಆದರೆ ಭಾಷಣದ ಗಡಿಬಿಡಿಯಲ್ಲಿ ಮರೆತರೆ ಪರದೆಯ ಮೇಲಾದರೂ ಇರಲಿ ಎಂದೆ. ಕೊನೆಯ ಸ್ಲೈಡಿನಲ್ಲಿ ಎಲ್ಲ ಮೂಲಗಳನ್ನೂ ಒಟ್ಟಿಗೆ ಹಾಕಿದರಾಯಿತು ಎಂದರು. ಆ ಕೊನೆಯ ಸ್ಲೈಡಿನ ಕಾರ್ಡು ಫೋಟೊ ವಿಭಾಗಕ್ಕೆ ಹೋಗಲೇ ಇಲ್ಲ.

ಸಮ್ಮೇಳನದ ಬೆಳಿಗ್ಗೆ ಮುಂದಿನ ಸಾಲಿನಲ್ಲಿ ಗಿರಣಿ ಮಾಲೀಕರ ಪರವಾಗಿ ಬಂದ ವೈದ್ಯರೊಬ್ಬರು ಕೂತಿದ್ದರು. ಹಿಂದಿನ ಬೆಂಚಿನಲ್ಲಿ ನನ್ನ ಪಕ್ಕ, ನಾವು ಉಸಿರು ಅಳೆದಿದ್ದ ಇಬ್ಬರು ಕೆಲಸಗಾರರು. ದೀಪ ಆರಿತು. ಆ ವೈದ್ಯರು ಜೇಬಿನಿಂದ ಸಣ್ಣ ಟಾರ್ಚ್ ತೆಗೆದು ಬರೆದುಕೊಳ್ಳತೊಡಗಿದರು. ಎಲ್ಲ ಸ್ಲೈಡಿಗೂ ಬರೆಯುತ್ತಿರಲಿಲ್ಲ. ಆ ಎರಡು ಬಂದಾಗ ಮಾತ್ರ ಬೆಳಕು ಹೊತ್ತಿಕೊಂಡೇ ಇತ್ತು. ನಮ್ಮವರು ಮೂಲ ಯಾವುದೆಂದು ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ಕಾದೆ. ಸಮಯ ಮೀರುತ್ತಿದೆ ಎಂದು ಅಧ್ಯಕ್ಷರು ಗಂಟೆ ಬಾರಿಸಿದರು. ನಮ್ಮವರು ತಡವರಿಸಿ ಮುಂದಿನ ಸ್ಲೈಡ್ ಕೇಳಿದರು. ಹೇಳಲಿಲ್ಲ.

ದೀಪ ಬಂದ ಮೇಲೆ ವೈದ್ಯರು ಎದ್ದು ನಿಂತರು. ದನಿ ಬಹಳ ಮೃದುವಾಗಿತ್ತು. ನಕ್ಷೆಯಲ್ಲಿ ಚಳಿಗಾಲದಲ್ಲಿ ಧೂಳು ಏರಿದೆ. ಚಳಿಗೆ ಕಿಟಕಿ ಮುಚ್ಚುವುದರಿಂದ ಹಾಗಾಗುತ್ತದೆ ಎಂದು ಸ್ಲೈಡಿನಲ್ಲಿದೆ ಎಂದರು. ಆಮೇಲೆ ಕೇಳಿದರು: “ಮುಂಬಯಿಯ ಯಾವ ಗಿರಣಿಯಲ್ಲಿ ಚಳಿಗೆ ಕಿಟಕಿ ಮುಚ್ಚುತ್ತಾರೆ?”

ಸಭೆ ನಕ್ಕಿತು. ಅದು ಬೇರೆ ದೇಶದ ಅಳತೆ ಎಂದು ನಮ್ಮವರು ಹೇಳಿದಾಗ, ಹಾಗಾದರೆ ಉಳಿದವುಗಳಲ್ಲಿ ನಿಮ್ಮವು ಯಾವುವು ಎಂದು ವೈದ್ಯರು ಮತ್ತೆ ಕೇಳಿದರು. ಉಸಿರಿನ ಅಳತೆಗಳೆಲ್ಲ ಇಲ್ಲಿಯವೇ, ನಾವೇ ತೆಗೆದವು ಎಂದು ನಾನು ಎದ್ದು ಹೇಳಿದೆ. ಯಾರೂ ನನ್ನತ್ತ ತಿರುಗಲಿಲ್ಲ. ಹಿಂದಿನ ಬೆಂಚಿನ ಇಬ್ಬರಿಗೆ ಇಂಗ್ಲಿಷ್ ಬಾರದು. ಜನ ಯಾಕೆ ನಗುತ್ತಿದ್ದಾರೆಂದು ಒಬ್ಬ ನನ್ನನ್ನು ಮರಾಠಿಯಲ್ಲಿ ಮೆಲ್ಲಗೆ ಕೇಳಿದ.

ನಮ್ಮ ಇಡೀ ಅಧ್ಯಯನವನ್ನು ಸಂಸ್ಥೆಯ ನಿರ್ದೇಶಕರು ತಡೆಹಿಡಿದರು. ಗಿರಣಿಗಳು ನಮ್ಮನ್ನು ಒಳಗೆ ಬಿಡುವುದನ್ನು ನಿಲ್ಲಿಸಿದವು. ನಮ್ಮವರು ಕೆಲ ತಿಂಗಳಲ್ಲೇ ಊರಿನ ಕಾಲೇಜೊಂದಕ್ಕೆ ಹೊರಟರು. ಹೋಗುವ ಮುನ್ನ, “ಒಂದು ಸಾಲು ಬರೆಸಿದ್ರ ಆಗ್ತಿತ್ತು” ಎಂದಷ್ಟೇ ಅಂದರು. ಅವರು ಕಳ್ಳರಲ್ಲ, ಸ್ಲೈಡನ್ನು ಮಾತಿನಷ್ಟೇ ಹಗುರ ಎಂದುಕೊಂಡಿದ್ದರು.

ನಾನು ಎಲ್ಲವನ್ನೂ ಹೊಸದಾಗಿ ಪೋಸ್ಟರ್ ಮಾಡಿದೆ. ಪ್ರತಿ ಚಿತ್ರದ ಅಡಿಯಲ್ಲೂ ಒಂದೋ ಮೂಲದ ಹೆಸರು, ಇಲ್ಲವೇ ‘ನಮ್ಮ ಅಳತೆ, ಮುಂಬಯಿ’. ಅದನ್ನು ನೋಡಲು ಸಂಸ್ಥೆಯ ಪರಿಶೀಲನಾ ಸಮಿತಿ ಒಪ್ಪುವ ಹೊತ್ತಿಗೆ ಒಂದು ವರ್ಷದ ಮೇಲಾಗಿತ್ತು. ಮರಾಠಿಯಲ್ಲಿ ನನ್ನನ್ನು ಕೇಳಿದವನನ್ನು ಅದನ್ನು ತೋರಿಸಲು ಕರೆತರೋಣವೆಂದು ಅವನಿದ್ದ ಚಾಳಿನ, ಎಂದರೆ ಕೆಲಸಗಾರರ ಸಾಲುಮನೆಗಳ, ಕೋಣೆಗೆ ಹೋದೆ. ಮಳೆಗಾಲದಲ್ಲೇ ತೀರಿಕೊಂಡ ಎಂದು ಅವನ ಹೆಂಡತಿ ಹೇಳಿದಳು, ಕೂತುಕೊಳ್ಳಲು ಚಾಪೆ ಹಾಸಿದಳು.