ಮೂವತ್ತು ಫ್ರೇಮುಗಳಲ್ಲಿ ಮುಚ್ಚಿದ ಕಣ್ಣು

ಸಂಡೂರು ಬೆಟ್ಟದ ಒಂದು ಖಾಸಗಿ ಗಣಿಯ ಕಚೇರಿ ಮುಂದೆ, ಧ್ವಜಕಂಬದ ಎಡಗಡೆ, ಮೊದಲ ಸಾಲಿನ ಕುರ್ಚಿಗಳಿಂದ ಹನ್ನೊಂದು ಹೆಜ್ಜೆ ದೂರದಲ್ಲಿ ನಾನು ನಿಂತಿದ್ದೆ. ಸುರಕ್ಷತಾ ಸಪ್ತಾಹದ ಕೊನೆಯ ದಿನ, ಬೆಳಿಗ್ಗೆ ಎಂಟೂ ಇಪ್ಪತ್ತು. ಗಂಟೆ ನನ್ನ ನೆನಪಿನದಲ್ಲ, ಕ್ಯಾಮೆರಾ ಬರೆದುಕೊಂಡದ್ದು.

ಕುರ್ಚಿಯ ಹಿಂದೆ ಹೆಂಗಸರು, ಅವರ ಹಿಂದೆ ಬೆಂಚಿನ ಮೇಲೆ ಗಂಡಸರು, ಎಲ್ಲರಿಗೂ ಹೆಲ್ಮೆಟ್. ನಡುವಿನ ಕುರ್ಚಿ ಖಾಲಿ ಇತ್ತು. ಬೆಳಕು ನೋಡಲು ಒಂದು ಫೋಟೋ ಹೊಡೆದೆ. ಅದೇ ಹೊತ್ತಿಗೆ ಎರಡನೆಯ ಸಾಲಿನ ದಪ್ಪನೆಯ ಹೆಂಗಸೊಬ್ಬಳು, "ಸಾಹೇಬ್ರು ಬರೂದು ತಡ ಆದ್ರ ಕುರ್ಚಿಗೇ ಹಾರ ಹಾಕ್ರಿ, ಮನಿಗೆ ಹೋಗೂಣು" ಅಂದಳು. ಪಕ್ಕದಲ್ಲಿದ್ದ ಸಣಕಲು ಹೆಂಗಸು ಆ ಖಾಲಿ ಕುರ್ಚಿ ನೋಡಿ ಬಾಯ್ತುಂಬ ನಕ್ಕಳು.

ಆಮೇಲೆ ಗಣಿಯ ಅಧಿಕಾರಿ ಬಂದು ಆ ಕುರ್ಚಿಯಲ್ಲಿ ಕೂತರು. 'ಅವಘಡವಿಲ್ಲದ ವರ್ಷ' ಎಂಬ ಬೋರ್ಡನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡರು. ಟ್ರೈಪಾಡ್ ಅಲುಗಿಸದೆ ಮೂರು ಸಲ ಬಟನ್ ಒತ್ತಿ ಹಿಡಿದೆ. ಸಲಕ್ಕೆ ಹತ್ತು ಫ್ರೇಮು.

ಇಂಥ ಫೋಟೋ ಒಂದೇ ಫ್ರೇಮಿನಲ್ಲಿ ಸಿಗುವುದಿಲ್ಲ. ಹೆಚ್ಚು ಜನ ಚೆನ್ನಾಗಿ ಬಂದಿರುವ ಒಂದನ್ನು ಆಧಾರವಾಗಿ ಇಟ್ಟುಕೊಳ್ಳುತ್ತೇವೆ. ಕಣ್ಣು ಮುಚ್ಚಿದವರ, ಬಾಯಿ ಸೊಟ್ಟಗಾದವರ ಮುಖವನ್ನು ಬೇರೆ ಫ್ರೇಮಿನಿಂದ ತಂದು, ಸಾಲು ಹೊಂದಿಸಿ, ಅಂಚು ಮಾಸುವಂತೆ ಕೂಡಿಸುತ್ತೇವೆ. ಹೊಸಪೇಟೆಯ ನನ್ನ ಸ್ಟುಡಿಯೋದಲ್ಲಿ ಅಂದು ಒಂಬತ್ತು ಮುಖ ಬದಲಿಸಿದೆ. ಎಂಟು ಸುಲಭವಾಗಿ ಸಿಕ್ಕವು. ಆ ಸಣಕಲು ಹೆಂಗಸಿನದು ಮಾತ್ರ ಮೂವತ್ತರಲ್ಲೂ ಸಿಗಲಿಲ್ಲ. ಕೊನೆಗೆ ಬೆಳಕು ನೋಡಲು ಹೊಡೆದ ಫೋಟೋದಿಂದ ಅವಳ ನಗುವನ್ನು ಹೆಲ್ಮೆಟ್ ಸಮೇತ ತಂದು ಕೂಡಿಸಿದೆ. ನೆರಳು ಒಂದೇ ಕಡೆಗಿತ್ತು, ಗೆರೆ ಕಾಣಲಿಲ್ಲ. ನನ್ನ ಕೆಲಸಕ್ಕೆ ನಾನೇ ಹಿಗ್ಗಿದೆ.

ಮುಂದಿನ ಭಾನುವಾರ ಪಾಪಿನಾಯಕನಹಳ್ಳಿಯಿಂದ ಆ ಇಬ್ಬರು ಹೆಂಗಸರೂ ಅಂಗಡಿಗೆ ಬಂದರು. ಗಣಿಯಲ್ಲಿ ಹಂಚಿದ ಪ್ರತಿಯನ್ನು ಸಣಕಲು ಹೆಂಗಸು ಕೌಂಟರಿನ ಮೇಲಿಟ್ಟಳು.

"ಕಣ್ಣು ಮುಚ್ಚಿದಾಕಿ ನಾನು. ತೆರದವರು ಯಾರಣ್ಣಾ?"

"ನಾನೇ ಕಣವ್ವಾ. ಮುಚ್ಚಿದ್ವು, ಅದಕ್ಕ ಸರಿ ಮಾಡೀನಿ."

"ಸರಿ ಮಾಡೂ ಅಂತ ನಿನಗ ಯಾರು ಹೇಳಿದ್ರು?"

ದಪ್ಪನೆಯವಳು ನಡುವೆ ಬಾಯಿ ಹಾಕಿದಳು: "ಸಾಹೇಬ್ರ ತಲಿ ನೋಡ್ಕೊಂತ ಅಷ್ಟ್ಯಾಕ ನಗ್ತಾಳಾಕಿ ಅಂತ ಊರೆಲ್ಲ ಕೇಳಾಕತ್ತೈತಿ. ಮಸ್ತ್ ಕೆಲಸ ಮಾಡೀ ಬಿಡು."

ಆಗ ಬಗ್ಗಿ ನೋಡಿದೆ. ಖಾಲಿ ಕುರ್ಚಿಯನ್ನು ನೋಡುತ್ತಿದ್ದ ಕಣ್ಣುಗಳು ಈಗ ಅಧಿಕಾರಿಯ ನೆತ್ತಿಯ ಮೇಲಿದ್ದವು. ಕೆಳಗೆ ಆ ಬೋರ್ಡು.

"ನಮ್ಮ ಜೊತಿ ಕೆಲಸ ಮಾಡೂ ಇನ್ನೊಬ್ಬಾಕಿ," ಎಂದಳು ಸಣಕಲು ಹೆಂಗಸು, "ಈ ವರ್ಷಾನ ಅದಿರು ಸಾಗಿಸೂ ಬೆಲ್ಟಿಗೆ ಸಿಕ್ಕು ಆಕಿ ಎರಡು ಬೆರಳು ಹೋದ್ವು. ಮನ್ಯಾಗ ಜಾರಿ ಬಿದ್ಲು ಅಂತ ಕಚೇರ್ಯಾಗ ಬರಕೊಂಡ್ರು. ಫೋಟೋಕ್ಕ ನಿಂದ್ರಾಕ ಬೇಕು ಅಂದ್ರು, ನಿಂತೆ. ಕಣ್ಣು ನನ್ನವು. ಈ ಫೋಟೋ ಆಕಿ ನೋಡಿದ್ರ ನಾನೂ ಅವರ ಕಡೀಗೆ ಅಂತಾಳ."

ಕಂಪ್ಯೂಟರಿನಲ್ಲಿ ಮೂವತ್ತನ್ನೂ ಒಂದೊಂದಾಗಿ ತೆರೆದೆ. ಮಿಟುಕುವ ಕಣ್ಣು ಒಂದೆರಡು ಫ್ರೇಮಿನಲ್ಲಿ ಮುಚ್ಚಿ ಮುಂದಿನದರಲ್ಲಿ ತೆರೆದಿರುತ್ತದೆ. ಇಪ್ಪತ್ತೆರಡು ವರ್ಷ ಈ ಕೆಲಸ ಮಾಡಿದವನಿಗೆ ಇದು ಗೊತ್ತಿರಬೇಕಿತ್ತು. ಅವಳ ರೆಪ್ಪೆ ಎಲ್ಲಿಯೂ ಅರೆ ತೆರೆದಿರಲಿಲ್ಲ. ಹುಬ್ಬು ಬಿಗಿದಿತ್ತು, ತುಟಿ ಬಿಗಿದಿತ್ತು, ಮುಖ ನೇರ ನನ್ನ ಕಡೆಗಿತ್ತು. ಮೂವತ್ತು ಸಲ ಅವಳು ಹೇಳಿದ್ದನ್ನು ನಾನು ತಪ್ಪೆಂದು ತಿದ್ದಿದ್ದೆ.

ಅಲ್ಲೇ ಅವಳ ಮುಖ ವಾಪಸ್ಸು ಇಟ್ಟು ಎರಡು ಪ್ರತಿ ತೆಗೆದುಕೊಟ್ಟೆ. ಉಳಿದವರ ಪ್ರತಿಗಳನ್ನೂ ಹೊಸದಾಗಿ ತೆಗೆದು ಸೋಮವಾರ ಗಣಿಗೆ ಒಯ್ದು, ಹಳೆಯವನ್ನು ವಾಪಸ್ಸು ಕೊಡಿ ಎಂದೆ.

ಅಧಿಕಾರಿ ನಕ್ಕರು. "ಕಣ್ಣು ಮುಚ್ಚಿದ ಫೋಟೋ ಯಾರಾದ್ರೂ ಗ್ವಾಡಿಗೆ ಹಾಕ್ತಾರೇನ್ರಿ? ಕ್ಯಾಲೆಂಡರಿಗೆ ಆ ಮೊದಲಿನ ಫೈಲ್ ಕಳಿಸ್ರಿ, ಜಲ್ದಿ."

"ಆ ಫೈಲ್ ಅಳಿಸೀನ್ರಿ, ಸರ್. ಅಂಥಾ ಹೊತ್ತು ಅವತ್ತು ಇರಲೇ ಇಲ್ಲ. ಬೇಕಂದ್ರ ಮೂವತ್ತೂ ಕೊಡ್ತೀನಿ. ಎಲ್ಲಾದ್ರಾಗೂ ಆಕಿ ಕಣ್ಣು ಮುಚ್ಚ್ಯಾಳ."

"ಹಂಗಾರ ಮುಂದಿನ ವರ್ಷ ಬರಬ್ಯಾಡ್ರಿ."

"ಬರೂದಿಲ್ರಿ."

ಹೋಗಲಿಲ್ಲ. ಹಳೆಯ ಪ್ರತಿಗಳೂ ವಾಪಸ್ಸು ಬರಲಿಲ್ಲ. ಕಚೇರಿಯ ಗೋಡೆಯ ಮೇಲೆ ಅವಳು ಇನ್ನೂ ನಗುತ್ತಿರಬಹುದು. ಅದು ನನ್ನ ಕೈಯ ಸುಳ್ಳು, ಎಲ್ಲಿ ಕೇಳಿದರೂ ಒಪ್ಪುತ್ತೇನೆ. ನನ್ನ ಅಂಗಡಿಯ ಗಾಜಿನೊಳಗೆ ಮಾತ್ರ ಅವಳು ಕಣ್ಣು ಮುಚ್ಚಿ ನಿಂತಿದ್ದಾಳೆ. ಫೋಟೋ ಕೆಟ್ಟಿದೆ ಎನ್ನುವ ಗಿರಾಕಿಗಳಿಗೆ ಅದು ಕೆಟ್ಟಿಲ್ಲ ಎಂದು ಹೇಳುತ್ತೇನೆ.

ನನ್ನ ಮಾತನ್ನೊಂದೇ ನಂಬಬೇಕಿಲ್ಲ. ಪಕ್ಕದಲ್ಲಿ ನಿಂತು ನೋಡಿದ ಆ ದಪ್ಪನೆಯವಳು ಊರಲ್ಲೇ ಇದ್ದಾಳೆ. ಅಂದು ಮುಖಗಳ ಮೇಲೆ ಬೆಳಕು ತಿರುಗಿಸುವ ಹಲಗೆ ಹಿಡಿದಿದ್ದ ನನ್ನ ತಮ್ಮ ಕಂಪ್ಲಿಯಲ್ಲಿ ಅಂಗಡಿ ಇಟ್ಟಿದ್ದಾನೆ. ಎರಡು ಬೆರಳಿಲ್ಲದವಳು ಅಲ್ಲಿರಲಿಲ್ಲ, ಆದರೆ ನಾನು ಕೊಟ್ಟ ಎರಡನೆಯ ಪ್ರತಿ ಅವಳ ಮನೆಯಲ್ಲಿದೆ. ಇನ್ನು, ಕಣ್ಣು ಮುಚ್ಚಿದವಳೂ ಇದ್ದಾಳೆ. ಈಗ ವಡ್ಡು ಎಂಬ ಊರಿನ ಕಡೆ ಕೆಲಸಕ್ಕೆ ಹೋಗುತ್ತಾಳೆ.