ಕಲ್ಲಿನ ಮೇಲಿಲ್ಲದ ವಯಸ್ಸು

ಜರಗನಹಳ್ಳಿಯ ಆ ಮನೆಗೆ ನನ್ನನ್ನು ಮೊದಲು ಕರೆದದ್ದು ಮನೆಯ ಮಗ. ನಾನು ಜಯನಗರದ ಕಾಲೇಜೊಂದರಲ್ಲಿ ಇತಿಹಾಸ ಪಾಠ ಹೇಳುತ್ತೇನೆ. ಬಿಡುವಿದ್ದಾಗ ಊರ ಸುತ್ತಮುತ್ತಲ ಶಾಸನಗಳನ್ನು ಓದಿ, ಅಚ್ಚು ತೆಗೆದು, ಪತ್ರಿಕೆಗಳಿಗೆ ಬರೆಯುತ್ತೇನೆ. ಅಂಥದ್ದೊಂದು ಬರಹ ಆ ಹುಡುಗನ ಕಣ್ಣಿಗೆ ಬಿದ್ದಿತ್ತು. ಮನೆಯ ಹಿಂದೆ ಸಂಪ್ ತೋಡಿಸುವಾಗ ಒಂದು ಕಲ್ಲು ಸಿಕ್ಕಿದೆ, ಜೆಸಿಬಿಯವನು ಒಡೆದು ಹಾಕುವ ಮೊದಲು ಬಂದು ನೋಡಿ ಎಂದು ಫೋನ್ ಮಾಡಿದ.

ಹೋದೆ. ಅವನಿಗೆ ಮೂವತ್ತರ ಆಸುಪಾಸು. ರಸ್ತೆಗೆ ಮುಖ ಮಾಡಿ ಪೈಪು, ನಲ್ಲಿ ಮಾರುವ ಅಂಗಡಿ ಇಟ್ಟಿದ್ದ. ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಅವರ ಬಾಡಿಗೆ ಮನೆಗಳು ನಿಂತಿದ್ದವು. ಅವುಗಳ ನಡುವಿನ ಕೈಯಗಲದ ಓಣಿ ದಾಟಿ ಹಿತ್ತಿಲಿಗೆ ಹೋದರೆ, ಅರ್ಧ ಮಣ್ಣಲ್ಲಿ ಹೂತಿದ್ದ ವೀರಗಲ್ಲು. ಬಿಲ್ಲು ಹಿಡಿದ ಒಬ್ಬ ಯುವಕ, ಅವನ ಬೆನ್ನ ಹಿಂದೆ ನಾಲ್ಕಾರು ಹಸು, ಮೇಲೆ ಅವನನ್ನು ತೋಳು ಹಿಡಿದು ಸ್ವರ್ಗಕ್ಕೆ ಒಯ್ಯುತ್ತಿರುವ ಇಬ್ಬರು ಹೆಂಗಸರು. ಪಕ್ಕದಲ್ಲಿ ಹಳಗನ್ನಡದ ಸಾಲುಗಳು. ದನಗಳ್ಳರ ಜೊತೆ ಕಾದಾಡಿ, ಹಸುಗಳನ್ನು ಬಿಡಿಸಿಕೊಂಡು ಬಂದು ಸತ್ತವನ ಕಲ್ಲು ಅದು. ಕೊನೆಯ ಸಾಲುಗಳು ಮಣ್ಣೊಳಗೆ ಇದ್ದವು.

"ಯಾವ ವರ್ಷದ್ದು ಮೇಡಂ?" ಅಂದ.

"ವರ್ಷ ಹಾಕಿಲ್ಲಪ್ಪ. ಅಕ್ಷರ ನೋಡಿದ್ರೆ ಸುಮಾರು ಹತ್ತನೇ ಶತಮಾನ ಅನ್ಸುತ್ತೆ."

"ಅಕ್ಷರ ನೋಡಿ ಹೆಂಗೆ ಗೊತ್ತಾಗುತ್ತೆ?"

ಅವನನ್ನು ಪಕ್ಕಕ್ಕೆ ಕೂರಿಸಿಕೊಂಡು ತೋರಿಸಿದೆ. ಒಂದೊಂದು ಕಾಲದಲ್ಲಿ ಅಕ್ಷರದ ತಲೆಕಟ್ಟು ಒಂದೊಂದು ಥರ. ವರ್ಷ ಬರೆದಿರುವ ಬೇರೆ ಶಾಸನಗಳ ಪಕ್ಕ ಇಟ್ಟು ಹೋಲಿಸುತ್ತೇವೆ. ಈಗ ನಮ್ಮ ಬಾಯಲ್ಲಿ ಇಲ್ಲದ ಹಳೆಯ 'ೞ' ಇಲ್ಲಿ ತಪ್ಪಿಲ್ಲದೆ ಬಂದಿದೆ. ಮುಂದಿನ ಕಾಲದವರು ಅದನ್ನು ಬೇರೆ ಅಕ್ಷರಗಳ ಜೊತೆ ಗೊಂದಲ ಮಾಡಿಕೊಂಡರು, ಹಾಗಾಗಿ ಇದು ತೀರ ಈಚಿನದಲ್ಲ. ದೊರೆಯ ಬಿರುದೂ ಇದೆ, ಆದರೆ ಅದೇ ಬಿರುದನ್ನು ಗಂಗರಲ್ಲಿ ಹಲವು ದೊರೆಗಳು ಇಟ್ಟುಕೊಂಡಿದ್ದರು. ಇಷ್ಟರಿಂದ ಒಂದು ಶತಮಾನದೊಳಗೆ ತರಬಹುದೇ ಹೊರತು ಒಂದು ವರ್ಷಕ್ಕೆ ತರಲಾಗುವುದಿಲ್ಲ.

"ಕಲ್ಲಿಗೊಂದು ಮಂಟಪ ಕಟ್ಟಿ ಬೋರ್ಡ್ ಹಾಕ್ಸಣ ಅಂತ ಮೇಡಂ. ಜನನ ಇಷ್ಟು, ಮರಣ ಇಷ್ಟು ಅಂತ. ಸರ್ಕಲ್‌ಗಳಲ್ಲಿ ಪ್ರತಿಮೆ ಕೆಳಗೆ ಹಾಕಿರ್ತಾರಲ್ಲ, ಹಂಗೆ."

ಕಲ್ಲನ್ನು ಎತ್ತಿ ನಿಲ್ಲಿಸಿ, ಪೂರ್ತಿ ಓದಿದ ಮೇಲೆ ನೋಡೋಣ ಎಂದೆ. ಮುಂದಿನ ಭಾನುವಾರ ಹುಡುಗರನ್ನು ಸೇರಿಸುತ್ತೇನೆ ಅಂದ. ಆ ಭಾನುವಾರ ಫೋನ್ ಬರಲಿಲ್ಲ. ನಾನೇ ಮಾಡಿದಾಗ ಯಾರೂ ಎತ್ತಲಿಲ್ಲ. ಡೆಂಗಿ ಜ್ವರ ಬಂದು ಆಸ್ಪತ್ರೆ ಸೇರಿದವನು ಒಂದೇ ವಾರದಲ್ಲಿ ತೀರಿಕೊಂಡಿದ್ದ ಎಂಬುದು ಮಳೆಗಾಲವೆಲ್ಲ ಕಳೆದ ಮೇಲೆ, ಅವನ ತಂದೆ ಫೋನ್ ಮಾಡಿದಾಗ ಗೊತ್ತಾಯಿತು.

"ನಿಮ್ ನಂಬರ್ ಅವನ ಮೊಬೈಲಲ್ಲಿ ಕಲ್ಲು ಮೇಡಂ ಅಂತ ಐತೆ," ಅಂದರು. "ಬಂದು ಮುಗ್ಸಿಕೊಡಿ ತಾಯಿ. ಅವ್ನು ಹಿಡ್ದಿದ್ದ ಕೆಲಸ."

ನಾನು ಹೋಗುವಷ್ಟರಲ್ಲಿ ಅವರು ಕಲ್ಲನ್ನು ಎತ್ತಿಸಿ, ತೊಳೆಸಿ, ಗೋಡೆಗೆ ಒರಗಿಸಿದ್ದರು. ಅರವತ್ತು ದಾಟಿದ ಗಟ್ಟಿ ಆಳು, ಆದರೆ ಅಂಗಿ ಬೇರೆಯವರದ್ದೇನೋ ಎನ್ನುವ ಹಾಗೆ ಮೈ ಇಳಿದಿತ್ತು. ಒದ್ದೆ ಕಾಗದವನ್ನು ಕಲ್ಲಿಗೆ ಹಚ್ಚಿ, ಬ್ರಷ್‌ನಿಂದ ಬಡಿದು, ಮಸಿ ತಟ್ಟಿದೆ. ಮಣ್ಣಲ್ಲಿದ್ದ ಕಡೆಯ ಸಾಲುಗಳು ಕಪ್ಪಿನ ನಡುವೆ ಬೆಳ್ಳಗೆ ಎದ್ದು ಬಂದವು. ಮನಸ್ಸಿನಲ್ಲೇ ಓದಿಕೊಂಡೆ, ಇನ್ನೊಮ್ಮೆ ಓದಿಕೊಂಡೆ.

"ಏನ್ ಬರ್ದವ್ರೆ?" ಎಂದು ಅವರು ಬೆನ್ನ ಹಿಂದಿನಿಂದ ಕೇಳಿದರು.

ಹೇಳದೆ ಇರಬಹುದಿತ್ತು. ಅಕ್ಷರ ಸವೆದಿದೆ ಎಂದರೆ ನಂಬುತ್ತಿದ್ದರು. ಆದರೆ ಕೇಳಿದ್ದು ಅವರು, ಕಲ್ಲು ಇದ್ದದ್ದು ಅವರ ನೆಲದಲ್ಲಿ.

"ಹಸುಗಳನ್ನ ಬಿಡಿಸಿ ಸತ್ತ ಅಂತ ಇದೆ. ಅವನ ತಂದೆ ಈ ಊರಿನ ಗಾವುಂಡ, ಅಂದ್ರೆ ಊರಿನ ಮುಖ್ಯಸ್ಥ. ಮಗನಿಗಾಗಿ ಈ ಕಲ್ಲು ನಿಲ್ಲಿಸಿದ್ದು ಆ ತಂದೆ."

ಅವರು ಹತ್ತಿರ ಬಂದು ಅಚ್ಚಿನ ಕಾಗದವನ್ನು ನೋಡಿದರು, ಓದಲು ಬರುವವರ ಹಾಗೆ ಎಡದಿಂದ ಬಲಕ್ಕೆ. ಆಮೇಲೆ ಕೇಳಿದರು: "ಎಷ್ಟು ವಯಸ್ಸಿತ್ತು ಅವನಿಗೆ?"

ಪಾಠ ಹೇಳುವವಳಿಗೆ ಇದಕ್ಕೆ ಸಿದ್ಧ ಉತ್ತರವಿದೆ. ಹಳೆಯ ಕಾಲದವರು ಹುಟ್ಟಿದ ವರ್ಷ ಬಹುಮಟ್ಟಿಗೆ ಎಲ್ಲೂ ಸಿಗುವುದಿಲ್ಲ. ಹುಟ್ಟಿದಾಗ ಅವರು ಇನ್ನೂ ಯಾರೂ ಅಲ್ಲವಲ್ಲ. ಯಾವುದೋ ದಾನ, ಯುದ್ಧ, ಸಾವಿನ ಹೊತ್ತಿಗೆ ಒಮ್ಮೆ ಕಾಣಿಸಿಕೊಳ್ಳುತ್ತಾರೆ. ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಬೇಕು. ಇದನ್ನೆಲ್ಲ ಆ ಮುಖದೆದುರು ಹೇಳುವುದು ಕಷ್ಟವಾಯಿತು.

"ಸರಿಯಾಗಿ ಹೇಳಕ್ಕಾಗಲ್ಲ ಯಜಮಾನ್ರೇ. ಬಿಲ್ಲು ಹಿಡಿದು ಹೋಗಿದ್ದಾನೆ, ಚಿಕ್ಕ ಹುಡುಗ ಅಲ್ಲ. ತಂದೆ ಇನ್ನೂ ಊರು ನಡೆಸ್ತಾ ಇದ್ದಾನೆ, ಅಂದ್ರೆ ಇವನು ತೀರ ವಯಸ್ಸಾದವನೂ ಅಲ್ಲ. ಇಪ್ಪತ್ತೂ ಇರಬಹುದು, ಮೂವತ್ತೈದೂ ಇರಬಹುದು."

"ಮೂವತ್ತೊಂದು ಇರಬಹುದಾ?"

"ಇರಬಹುದು," ಅಂದೆ.

ಕಾಫಿ ತಂದ ಅವರ ಹೆಂಡತಿ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಲೋಟ ಕೈಗೆ ಕೊಡುತ್ತಾ, "ಅವರಮ್ಮ?" ಎಂದರು. "ಅವರಮ್ಮನ ಹೆಸ್ರು ಬರ್ದವ್ರಾ?"

"ಇಲ್ಲಮ್ಮ."

ಆಕೆ ತಲೆಯಾಡಿಸಿ ಒಳಗೆ ಹೋದರು. ಅದು ಅವರಿಗೆ ಹೊಸ ಸಂಗತಿಯಲ್ಲ ಎನ್ನುವಂತಿತ್ತು ಆ ತಲೆಯಾಟ.

ಆ ಚಳಿಗಾಲವೆಲ್ಲ ನಾನು ಲೈಬ್ರರಿಯಲ್ಲಿ ಶಾಸನ ಸಂಪುಟಗಳನ್ನು ತಿರುವಿದೆ. ವಯಸ್ಸು ಸಿಗುವುದಿಲ್ಲ ಎಂದು ಗೊತ್ತಿತ್ತು, ಕಾಲವನ್ನಾದರೂ ಇನ್ನಷ್ಟು ಹತ್ತಿರಕ್ಕೆ ತರಬೇಕು ಅನ್ನಿಸಿತ್ತು. ಕಡೆಗೆ ಹತ್ತಿರದ ಒಂದು ಕೆರೆ ಏರಿಯ ಶಾಸನ ಕಣ್ಣಿಗೆ ಬಿತ್ತು. ಕೆರೆಗೆ ಗದ್ದೆ ಬಿಟ್ಟುಕೊಟ್ಟ ಗಾವುಂಡನಿಗೆ ನಮ್ಮ ಕಲ್ಲಿನ ತಂದೆಯ ಹೆಸರೇ ಇತ್ತು. ಮೇಲಾಗಿ ಅದರಲ್ಲಿ ಶಕವರ್ಷ ಸ್ಪಷ್ಟವಾಗಿತ್ತು. ಕ್ರಿಸ್ತಶಕಕ್ಕೆ ತರಲು ಎಪ್ಪತ್ತೆಂಟು ಕೂಡಿಸಿದೆ. ಹತ್ತನೆಯ ಶತಮಾನದ ನಡುಭಾಗಕ್ಕೆ ಬಂದು ನಿಂತಿತು.

ಎರಡೂ ಕಲ್ಲಿನ ಗಾವುಂಡ ಒಬ್ಬನೇ ಆಗಿದ್ದರೆ, ಆ ವರ್ಷದಲ್ಲಿ ತಂದೆ ಬದುಕಿದ್ದ. ಮಗನ ಸಾವು ಅದರ ಹಿಂದೋ ಮುಂದೋ ಒಂದು ತಲೆಮಾರಿನೊಳಗೆ, ಅಂದರೆ ಇಪ್ಪತ್ತೈದು ಮೂವತ್ತು ವರ್ಷದೊಳಗೆ. ಆದರೆ ತಾತನ ಹೆಸರನ್ನು ಮೊಮ್ಮಗನಿಗೆ ಇಡುವುದು ನಮ್ಮಲ್ಲಿ ಹಳೆಯ ರೂಢಿ. ಕೆರೆಗೆ ಗದ್ದೆ ಬಿಟ್ಟವನು ಈ ತಂದೆಯ ತಾತನೂ ಆಗಿರಬಹುದು. ಅದಕ್ಕೇ ನನ್ನ ಟಿಪ್ಪಣಿಯಲ್ಲಿ, ಸುಮಾರು ಎನ್ನುವುದಕ್ಕೆ 'ಸು.' ಸೇರಿಸಿ, 'ಸು. 950' ಎಂದು ಬರೆದೆ. ಇಂಗ್ಲಿಷ್ ಪುಸ್ತಕಗಳಲ್ಲಿ ಇದೇ ಜಾಗದಲ್ಲಿ ಸರ್ಕಾ ಎಂಬ ಲ್ಯಾಟಿನ್ ಮಾತಿನ ಮೊದಲ ಅಕ್ಷರ ಇರುತ್ತದೆ. ಅರ್ಥ ಒಂದೇ, ಆಸುಪಾಸು. ಸಂಖ್ಯೆಯ ಹಿಂದೆ ಆ ಅಕ್ಷರ ಬಂದರೆ ಬರೆದವರು ಊಹಿಸಿ ಬರೆದಿದ್ದಾರೆ, ಊಹೆಗೆ ಕಾರಣವೂ ಇದೆ, ಆದರೆ ಆಣೆ ಮಾಡಲಾರರು ಎಂದು ತಿಳಿಯಬೇಕು.

ಇದನ್ನು ಯಜಮಾನರಿಗೆ ಅವರ ಅಂಗಡಿಯಲ್ಲಿ ಕೂತು ವಿವರಿಸಿದೆ. ಮಗನ ಕುರ್ಚಿಯಲ್ಲಿ ಅವರು ಕೂರುತ್ತಿರಲಿಲ್ಲ, ಪೈಪಿನ ಕಟ್ಟಿನ ಮೇಲೆ ಕೂತಿದ್ದರು. ಪೂರ್ತಿ ಕೇಳಿ ಅವರೆಂದರು, "ಹಂಗಾದ್ರೆ ಮಗ ಸತ್ತ ಮೇಲೆ ಅವರಪ್ಪ ಎಷ್ಟು ವರ್ಷ ಬದುಕಿದ್ದ?"

ಯಾರೂ ನನ್ನನ್ನು ಕೇಳದಿದ್ದ ಪ್ರಶ್ನೆ. "ಕಲ್ಲು ಕಡೆಸಿ ನಿಲ್ಲಿಸೋವರೆಗಂತೂ ಇದ್ದ. ಅಷ್ಟು ಗಟ್ಟಿ. ಕೆರೆ ಶಾಸನ ಆಮೇಲಿನದಾಗಿದ್ರೆ ಇನ್ನೂ ತುಂಬ ವರ್ಷ ಇದ್ದಿರಬೇಕು. ಮೊದಲಿನದೋ ಆಮೇಲಿನದೋ ಗೊತ್ತಿಲ್ಲ."

"ಆಮೇಲೆ ಇದ್ದಿದ್ರೆ ಕೆರೆ ಕೆಲ್ಸ ಎಲ್ಲ ಮಾಡ್ಸವ್ನೆ."

"ಹೌದು."

"ಹೆಂಗ್ ಮಾಡಿದ್ನೋ," ಎಂದು ಅವರು ಬೀದಿ ಕಡೆ ನೋಡುತ್ತಾ ಕೂತರು.

ಕಲ್ಲಿಗೆ ಮಂಟಪ ಸಿದ್ಧವಾಗುವ ಹೊತ್ತಿಗೆ ಅವರ ತಮ್ಮ ಬೋರ್ಡಿನ ಜವಾಬ್ದಾರಿ ವಹಿಸಿಕೊಂಡಿದ್ದರು. ಊರಿನಲ್ಲಿ ಓಡಾಡುವ, ನಾಲ್ಕು ಜನ ಮಾತು ಕೇಳುವ ಮನುಷ್ಯ. ನನ್ನ ಟಿಪ್ಪಣಿಯಲ್ಲಿ 'ಸು.' ನೋಡಿ ಅವರಿಗೆ ಸರಿಬರಲಿಲ್ಲ. ಗ್ರಾನೈಟ್ ಕೆತ್ತುವವನಿಗೆ ಹುಟ್ಟಿದ ವರ್ಷ, ಸತ್ತ ವರ್ಷ ಎರಡನ್ನೂ ಖಚಿತವಾಗಿ ಬರೆದುಕೊಟ್ಟಿದ್ದರು. ಕೆತ್ತುವ ಮುನ್ನ ನೋಡಲಿ ಎಂದು ಯಜಮಾನರು ನನ್ನನ್ನು ಕರೆಸಿದರು.

"ಮೇಡಂ, ಸುಮಾರು ಅಂತ ಹಾಕಿದ್ರೆ ಜನ ನಗ್ತಾರೆ," ಎಂದರು ತಮ್ಮ. "ಇವ್ರಿಗೇ ಸರಿಯಾಗಿ ಗೊತ್ತಿಲ್ಲ ಅಂತಾರೆ. ಒಂಬೈನೂರೈವತ್ತು ಅಂತ ನೀವೇ ಬರ್ದಿದೀರಲ್ಲ. ಸಾಯೋವಾಗ ಮೂವತ್ತು ಅಂತ ಇಟ್ಕೊಂಡ್ರೆ ಹುಟ್ಟಿದ್ದು ಒಂಬೈನೂರಿಪ್ಪತ್ತು. ಏನ್ ತಪ್ಪು?"

"ಒಂದು ಊಹೆ ಮೇಲೆ ಇನ್ನೊಂದು ಊಹೆ ಇಟ್ರಿ ಸಾರ್," ಅಂದೆ. "ಎರಡನ್ನೂ ಕಲ್ಲಲ್ಲಿ ಕೆತ್ತಿದ ಮೇಲೆ ಅದೇ ನಿಜ ಆಗುತ್ತೆ. ಮುಂದೆ ಓದೋರು ಇದನ್ನೇ ಎತ್ತಿ ಬರೀತಾರೆ."

ಅವರು ಒಪ್ಪಲಿಲ್ಲ. ಮಾತು ಬೆಳೆಯುವಂತಿತ್ತು. ಯಜಮಾನರು ನಡುವೆ ಬಂದರು.

"ನಮ್ ಹುಡುಗಂದು ಗಂಟೆ ಸಮೇತ ಗೊತ್ತು. ಆಸ್ಪತ್ರೆಯವರು ನಿಮಿಷಾನೂ ಬರ್ದು ಕೊಟ್ಟವ್ರೆ. ಗೊತ್ತಿದ್ದು ಏನ್ ಬಂತು?" ಅವರ ದನಿ ಏರಲಿಲ್ಲ. "ಇವನ್ದು ಅವರಪ್ಪನೇ ಬರ್ಸಿಲ್ಲ. ಕಲ್ಲು ನಿಲ್ಸೋವಾಗ ಅವನಿಗೆ ಮಗನ ವಯಸ್ಸು ಗೊತ್ತಿರ್ಲಿಲ್ವಾ? ಗೊತ್ತಿತ್ತು. ಬರ್ಸಬೇಕು ಅನ್ಸಿಲ್ಲ. ಅವನು ಬರ್ಸದೆ ಬಿಟ್ಟಿದ್ದನ್ನ ನಾವ್ಯಾಕೆ ತುಂಬಣ? ಮೇಡಂ ಹೇಳ್ದಂಗೆ ಇರ್ಲಿ."

ತಮ್ಮ ಬೋರ್ಡಿನಲ್ಲಿ ಹುಟ್ಟಿದ ವರ್ಷದ ಸಾಲು ತೆಗೆದುಹಾಕಿದರು. 'ಕಾಲ: ಕ್ರಿ.ಶ. ಸು. 950' ಎಂದಷ್ಟೇ ಕೆತ್ತಿಸಿದರು.

ಮಂಟಪದ ಪೂಜೆಯ ದಿನ ಓಣಿ ತುಂಬ ಜನ. ಯಜಮಾನರ ತಮ್ಮನೇ ಮುಂದೆ ನಿಂತು ಬಂದವರಿಗೆಲ್ಲ ಕಲ್ಲಿನ ಕಥೆ ಹೇಳಿದರು, 'ಸು.' ಎಂದರೇನು ಎಂದು ಕೇಳಿದವರಿಗೆ ಗದ್ದಲದ ನಡುವೆ ಬಿಡಿಸಿ ಹೇಳುವುದೂ ನನಗೆ ಕೇಳಿಸಿತು. ಯಜಮಾನರು ಎಲ್ಲರಿಗೂ ಕೈಮುಗಿಯುತ್ತಾ ಒಂದು ಪಕ್ಕದಲ್ಲಿ ನಿಂತಿದ್ದರು. ಅವರ ಹೆಂಡತಿ ಮಾತ್ರ ಕಾಣಲಿಲ್ಲ. ಒಳಗೆ ಹೋಗಿ ನೋಡಿದರೆ, ಅಡುಗೆಮನೆಯ ನೆಲದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಮುಂದೆ ಬಡಿಸಲು ತೆಗೆದಿಟ್ಟ ಪುಳಿಯೋಗರೆಯ ಪಾತ್ರೆ.

ನಾನೂ ಪಕ್ಕದಲ್ಲಿ ಕೂತೆ. ಬಂದು ನೋಡಿ ಎಂದು ಕರೆಯುವ ಧೈರ್ಯ ಬರಲಿಲ್ಲ.

ಅವರೇ, "ಜ್ವರ ಬಂದಾಗ ಮಾಮೂಲಿ ಜ್ವರ ಅಂದ್ಕೊಂಡೆ ಕಣಮ್ಮ," ಅಂದರು. "ಅಮ್ಮ ಗಂಜಿ ಬೇಡ, ಉಪ್ಸಾರು ಮಾಡು ಅಂದ. ಜ್ವರ ಬಿಡ್ಲಿ ಮಾಡ್ಕೊಡ್ತೀನಿ ಅಂದೆ."

ಅವರ ಕೈ ಹಿಡಿದುಕೊಂಡೆ. ಹೊರಗೆ ಯಾರೋ ಎಲೆ ಹಾಕಿ ಎಂದು ಕೂಗಿದರು. ಅವರು ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು, ಪಾತ್ರೆಯ ಒಂದು ಕಡೆ ಹಿಡಿದರು. ಇನ್ನೊಂದು ಕಡೆ ನಾನು ಹಿಡಿದೆ.